ಬಲಕ್ಕೆ ಜರುಗಿದರೆ ಲಾಭ ಯಾರಿಗೆ?

ವೈದ್ಯಕೀಯ ಮೊದಲ ವರ್ಷದ ಫಿಸಿಯಾಲಜಿ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಯಾವುದಾದರೊಂದು ವೇಷದಲ್ಲಿ ಬಂದೇ ಬರುತ್ತದೆ. ಆಕ್ಸಿಜನ್-ಹಿಮೋಗ್ಲೋಬಿನ್ ಡಿಸೋಸಿಯೇಷನ್ ಕರ್ವ್ ಬರೆಯಿರಿ, ಅದು ಬಲಕ್ಕೂ ಎಡಕ್ಕೂ ಜರುಗುವ ಕಾರಣಗಳನ್ನು ವಿವರಿಸಿ. ನರ್ಸಿಂಗ್, ಫಿಸಿಯೋಥೆರಪಿ ಓದುವವರಿಗೂ ಇದು ತಪ್ಪಿದ್ದಲ್ಲ. ಉತ್ತರಕ್ಕೆ ಹಾಸ್ಟೆಲ್ಲುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟಿಬಂದ ಒಂದು ಮಂತ್ರವೂ ಇದೆ: ‘ಕೆಡೆಟ್, ಫೇಸ್ ರೈಟ್’. ಕಾರ್ಬನ್ ಡೈಆಕ್ಸೈಡ್, ಆಸಿಡ್, ಡಿಪಿಜಿ, ಎಕ್ಸರ್ಸೈಜ್, ಟೆಂಪರೇಚರ್ ಈ ಐದು ಏರಿದರೆ ರೇಖೆ ಬಲಕ್ಕೆ, ಇಳಿದರೆ ಎಡಕ್ಕೆ.

ಮಂತ್ರದಲ್ಲಿ ತಪ್ಪೇನಿಲ್ಲ. ಅದನ್ನು ಬರೆದವರಿಗೆ ಅರ್ಧ ಅಂಕವಂತೂ ಸಿಗುತ್ತದೆ. ಆದರೆ ಬಲಕ್ಕೆ ಜರುಗುವುದು ಒಳ್ಳೆಯದೋ ಕೆಟ್ಟದೋ, ಯಾವಾಗ ಒಳ್ಳೆಯದು ಎಂದು ವೈವಾದಲ್ಲಿ ಕೇಳಿದಾಗ ಮಂತ್ರ ಕೈಕೊಡುತ್ತದೆ. ಬಲಕ್ಕೆ ಹೋದರೆ ಅಂಗಾಂಶಗಳಿಗೆ ಆಕ್ಸಿಜನ್ ಸಲೀಸಾಗಿ ಸಿಗುತ್ತದೆ, ಆದ್ದರಿಂದ ಎತ್ತರದ ಬೆಟ್ಟಗಳಲ್ಲಿ ದೇಹ ರೇಖೆಯನ್ನು ಬಲಕ್ಕೆ ತಳ್ಳಿಕೊಂಡು ಬದುಕುತ್ತದೆ ಎಂಬುದು ವಾಡಿಕೆಯ ಉತ್ತರ. ಎವರೆಸ್ಟಿನ ಮೇಲೆ ತೆಗೆದ ರಕ್ತ ಹೇಳುವ ಕಥೆ ಬೇರೆ. ಅಲ್ಲಿಗೆ ಹೋಗುವ ಮೊದಲು ರೇಖೆಯನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕು.

ಅಡ್ಡ ಅಕ್ಷದಲ್ಲಿ ಆಕ್ಸಿಜನ್ನಿನ ಆಂಶಿಕ ಒತ್ತಡ, ಪಾದರಸದ ಮಿಲಿಮೀಟರುಗಳಲ್ಲಿ. ಲಂಬ ಅಕ್ಷದಲ್ಲಿ ಸ್ಯಾಚುರೇಷನ್, ಅಂದರೆ ಹಿಮೋಗ್ಲೋಬಿನ್ನಿನಲ್ಲಿ ಆಕ್ಸಿಜನ್ ಕೂರಬಹುದಾದ ಜಾಗಗಳ ಪೈಕಿ ಶೇಕಡ ಎಷ್ಟು ತುಂಬಿವೆ ಎಂಬುದು. ನಾಲ್ಕು ಬಿಂದುಗಳನ್ನು ನೆನಪಿಟ್ಟರೆ ರೇಖೆ ತಾನಾಗಿ ಮೂಡುತ್ತದೆ. ಶ್ವಾಸಕೋಶದಿಂದ ಹೊರಟ ರಕ್ತದಲ್ಲಿ ಒತ್ತಡ 100, ಸ್ಯಾಚುರೇಷನ್ ಶೇ 97. ಒತ್ತಡ 60ಕ್ಕೆ ಇಳಿದರೂ ಶೇ 90 ಉಳಿದಿರುತ್ತದೆ. ವಿಶ್ರಾಂತಿಯಲ್ಲಿರುವ ಮನುಷ್ಯನ ಅಂಗಾಂಶಗಳಿಂದ ಮರಳುವ ರಕ್ತದಲ್ಲಿ ಒತ್ತಡ 40, ಸ್ಯಾಚುರೇಷನ್ ಶೇ 75. ಒತ್ತಡ 27ಕ್ಕೆ ಬಂದಾಗ ಸರಿಯಾಗಿ ಅರ್ಧ. ಈ ಕೊನೆಯ ಬಿಂದುವಿಗೆ ಪಿ-50 ಎಂದು ಹೆಸರು, ಇಡೀ ಉತ್ತರ ನಿಂತಿರುವುದೇ ಇದರ ಮೇಲೆ. ಪಿಎಚ್ 7.4, ಉಷ್ಣತೆ 37 ಡಿಗ್ರಿ, ಕಾರ್ಬನ್ ಡೈಆಕ್ಸೈಡಿನ ಒತ್ತಡ 40 ಇದ್ದಾಗಿನ ಲೆಕ್ಕ ಇದು. ಈ ಮೂರನ್ನು ಚಿತ್ರದ ಪಕ್ಕ ಬರೆಯದಿದ್ದರೆ ರೇಖೆಗೆ ಅರ್ಥವೇ ಇಲ್ಲ, ಏಕೆಂದರೆ ಇವು ಬದಲಾದಾಗಲೇ ರೇಖೆ ಜರುಗುವುದು.

ರೇಖೆ ನೇರವಾಗಿರದೆ ಬಾಗಿ ಬಾಗಿ ಏರುವುದೇಕೆ? ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಸರಪಳಿಗಳು, ಒಂದೊಂದರಲ್ಲೂ ಕಬ್ಬಿಣವಿರುವ ಒಂದು ಹೀಮ್. ಆಕ್ಸಿಜನ್ ಇಲ್ಲದಾಗ ಈ ಸರಪಳಿಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿರುತ್ತವೆ, ಮೊದಲ ಆಕ್ಸಿಜನ್ ಒಳಹೊಕ್ಕುವುದು ಕಷ್ಟ. ಅದು ಹೊಕ್ಕ ಮೇಲೆ ಕಟ್ಟುಗಳು ಸಡಿಲವಾಗಿ ಮುಂದಿನವುಗಳಿಗೆ ದಾರಿ ಸುಲಭವಾಗುತ್ತದೆ. ಹೀಗಾಗಿ ರೇಖೆ ಬುಡದಲ್ಲಿ ಮಂದ, ನಡುವೆ ಕಡಿದಾದ ಏರು, ತುದಿಯಲ್ಲಿ ಬಹುತೇಕ ಸಮತಟ್ಟು. ಬಿಗಿ ಮತ್ತು ಸಡಿಲ, ಈ ಎರಡು ರೂಪಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಾರಣಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಬಿಗಿ ರೂಪವನ್ನು ಗಟ್ಟಿಮಾಡುವ ಯಾವುದೇ ವಸ್ತು ಆಕ್ಸಿಜನ್ನನ್ನು ಹೊರದೂಡುತ್ತದೆ, ಪಿ-50 ಏರುತ್ತದೆ, ರೇಖೆ ಬಲಕ್ಕೆ ಹೋಗುತ್ತದೆ. ಸಡಿಲ ರೂಪಕ್ಕೆ ಒತ್ತಾಸೆಯಾಗುವುದೆಲ್ಲ ಎಡಕ್ಕೆ.

ಮೊದಲ ಕಾರಣ ಪತ್ತೆಯಾದದ್ದು ಕೋಪನ್‌ಹೇಗನ್‌ನಲ್ಲಿ, 1904ರಲ್ಲಿ. ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಅವರ ತಂದೆ ಕ್ರಿಶ್ಚಿಯನ್ ಬೋರ್, ತಮ್ಮ ಜೊತೆಗಾರರಾದ ಕಾರ್ಲ್ ಹ್ಯಾಸೆಲ್‌ಬಾಲ್ಕ್ ಮತ್ತು ಆಗಸ್ಟ್ ಕ್ರೋಗ್ ಅವರೊಡನೆ ನಾಯಿಯ ರಕ್ತವನ್ನು ಬೇರೆ ಬೇರೆ ಪ್ರಮಾಣದ ಕಾರ್ಬನ್ ಡೈಆಕ್ಸೈಡಿಗೆ ಒಡ್ಡಿ ಅಳೆದರು. ಕಾರ್ಬನ್ ಡೈಆಕ್ಸೈಡಿನ ಒತ್ತಡ 5, 10, 20, 40, 80 ಹೀಗೆ ದುಪ್ಪಟ್ಟಾಗುತ್ತ ಹೋದಂತೆ ಒಂದೇ ಹಾಳೆಯ ಮೇಲೆ ಐದು ರೇಖೆಗಳು ಒಂದರ ಬಲಕ್ಕೊಂದು ಸಾಲಾಗಿ ನಿಂತವು. ಇದೇ ಬೋರ್ ಪರಿಣಾಮ. ಕಾರ್ಬನ್ ಡೈಆಕ್ಸೈಡ್ ನೀರಿನೊಡನೆ ಸೇರಿ ಹೈಡ್ರೋಜನ್ ಅಯಾನುಗಳನ್ನು ಕೊಡುತ್ತದೆ. ಅವು ಹಿಮೋಗ್ಲೋಬಿನ್ನಿನ ಹಿಸ್ಟಿಡಿನ್‌ಗಳಿಗೆ ಅಂಟಿಕೊಂಡು ಸರಪಳಿಗಳ ನಡುವಿನ ಕಟ್ಟುಗಳನ್ನು ಬಿಗಿಗೊಳಿಸುತ್ತವೆ. ಕಾರ್ಬನ್ ಡೈಆಕ್ಸೈಡ್ ತಾನೇ ನೇರವಾಗಿ ಸರಪಳಿಯ ತುದಿಗೆ ಅಂಟುವುದೂ ಉಂಟು, ಆದರೆ ಹೆಚ್ಚಿನ ಕೆಲಸ ಆಮ್ಲದ್ದು.

ಇಲ್ಲಿ ಒಂದು ಎಚ್ಚರ. ಬೋರ್ ಪರಿಣಾಮವನ್ನೂ ಹಾಲ್ಡೇನ್ ಪರಿಣಾಮವನ್ನೂ ಅದಲು ಬದಲು ಮಾಡಿ ಅಂಕ ಕಳೆದುಕೊಳ್ಳುವವರು ಬಹಳ. ಕಾರ್ಬನ್ ಡೈಆಕ್ಸೈಡ್ ಬಂದು ಆಕ್ಸಿಜನ್ನನ್ನು ಬಿಡಿಸುವುದು ಬೋರ್. ಆಕ್ಸಿಜನ್ ಬಂದು ಕಾರ್ಬನ್ ಡೈಆಕ್ಸೈಡನ್ನು ಬಿಡಿಸುವುದು ಹಾಲ್ಡೇನ್. ಮೊದಲನೆಯದು ಮುಖ್ಯವಾಗಿ ಅಂಗಾಂಶದಲ್ಲಿ ನೆರವಾದರೆ ಎರಡನೆಯದು ಶ್ವಾಸಕೋಶದಲ್ಲಿ.

ಎಷ್ಟು ಜರುಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಪಿಎಚ್ 0.1ರಷ್ಟು ಇಳಿದರೆ ಪಿ-50 ಸುಮಾರು ಶೇ 12ರಷ್ಟು ಏರುತ್ತದೆ, ಅಂದರೆ 27 ಇದ್ದದ್ದು 30ರ ಹತ್ತಿರ ಹೋಗುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಶೇ 6ರಷ್ಟು. ಪಿ-50 ಗೊತ್ತಾದ ಮೇಲೆ ಯಾವ ಒತ್ತಡದಲ್ಲಿ ಎಷ್ಟು ಸ್ಯಾಚುರೇಷನ್ ಎಂಬುದನ್ನು 1910ರಲ್ಲಿ ಎ. ವಿ. ಹಿಲ್ ಕೊಟ್ಟ ಸಮೀಕರಣ ಹೇಳುತ್ತದೆ:

S = Pⁿ / (Pⁿ + P50ⁿ)

ಮನುಷ್ಯನ ಹಿಮೋಗ್ಲೋಬಿನ್ನಿಗೆ ಇಲ್ಲಿಯ n ಸುಮಾರು 2.7. ರೇಖೆಯ ಎರಡು ತುದಿಗಳಲ್ಲಿ ಇದು ಅಷ್ಟು ಕರಾರುವಾಕ್ಕಲ್ಲ, ನಡುಭಾಗಕ್ಕೆ ಧಾರಾಳವಾಗಿ ಸಾಕು.

ಮೈಮುರಿದು ಓಡುತ್ತಿರುವವನ ತೊಡೆಯ ಸ್ನಾಯುವನ್ನು ತೆಗೆದುಕೊಳ್ಳಿ. ಅಲ್ಲಿ ಉಷ್ಣತೆ 40 ಡಿಗ್ರಿ, ಪಿಎಚ್ 7.2 ಎಂದಿಟ್ಟುಕೊಂಡರೆ, ಶೇ 12 ಎರಡು ಸಲ, ಶೇ 6 ಮೂರು ಸಲ ಒಂದರ ಮೇಲೊಂದು ಗುಣಿಸಿಕೊಂಡು ಪಿ-50 ಹತ್ತಿರ ಹತ್ತಿರ 40ಕ್ಕೆ ಏರುತ್ತದೆ. ಸ್ನಾಯುವಿನಲ್ಲಿ ಆಕ್ಸಿಜನ್ ಒತ್ತಡ 40 ಇದ್ದಾಗ ಮಾಮೂಲಿ ರೇಖೆಯ ಪ್ರಕಾರ ಹಿಮೋಗ್ಲೋಬಿನ್ ಶೇ 75ನ್ನು ತನ್ನಲ್ಲೇ ಉಳಿಸಿಕೊಳ್ಳುತ್ತಿತ್ತು. ಜರುಗಿದ ರೇಖೆಯಲ್ಲಿ ಉಳಿಯುವುದು ಶೇ 50 ಮಾತ್ರ. ನೂರು ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಅದು ತುಂಬಿದಾಗ ಹಿಡಿಯುವ ಆಕ್ಸಿಜನ್ ಸುಮಾರು 20 ಮಿಲಿಲೀಟರ್. ಮಾಮೂಲಿಯಾಗಿ ಅದರಲ್ಲಿ ಐದು ಮಿಲಿಲೀಟರಿಗಿಂತ ತುಸು ಕಡಿಮೆ ಇಳಿಯುತ್ತಿದ್ದ ಜಾಗದಲ್ಲಿ ಈಗ ಒಂಬತ್ತಕ್ಕೂ ಹೆಚ್ಚು ಇಳಿಯುತ್ತದೆ. ಸ್ನಾಯುವಿನಲ್ಲಿ ಒತ್ತಡ ಒಂದಿನಿತೂ ಕುಸಿಯದೆ ಇಷ್ಟು ಹೆಚ್ಚುವರಿ ಸಿಕ್ಕಿತು ಎಂಬುದೇ ಇಲ್ಲಿಯ ಸ್ವಾರಸ್ಯ. ರಕ್ತದಿಂದ ಜೀವಕೋಶದೊಳಕ್ಕೆ ಆಕ್ಸಿಜನ್ನನ್ನು ತಳ್ಳುವುದು ಆ ಒತ್ತಡವೇ ತಾನೆ.

ಇನ್ನು ‘ವ್ಯಾಯಾಮ’ವನ್ನು ಮಂತ್ರದಲ್ಲಿ ಪ್ರತ್ಯೇಕ ಕಾರಣವಾಗಿ ಎಣಿಸಿರುವುದು ಹೆಸರು ಕೂಡಿಬರಲೆಂದು ಮಾಡಿದ ಹೊಂದಾಣಿಕೆ ಎನ್ನಬೇಕು. ವ್ಯಾಯಾಮಕ್ಕೆ ತನ್ನದೇ ಆದ ದಾರಿಯಿಲ್ಲ. ಬಿಸಿ, ಆಮ್ಲ, ಕಾರ್ಬನ್ ಡೈಆಕ್ಸೈಡ್ ಇವುಗಳ ಮೂಲಕವೇ ಅದು ಕೆಲಸ ಮಾಡುತ್ತದೆ. ಉತ್ತರದಲ್ಲಿ ಹಾಗೆ ಬಿಡಿಸಿ ಬರೆದರೆ ಬರೆದವನಿಗೆ ವಿಷಯ ಗೊತ್ತಿದೆ ಎಂದು ತಿಳಿಯುತ್ತದೆ.

ಮೇಲಿನ ಮೂರೂ ಕ್ಷಣಮಾತ್ರದಲ್ಲಿ ಕೆಲಸ ಮಾಡುವಂಥವು. ರಕ್ತ ಸ್ನಾಯುವಿಗೆ ಬಂದಾಗ ರೇಖೆ ಬಲಕ್ಕೆ, ಶ್ವಾಸಕೋಶದಲ್ಲಿ ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡಾಗ ಎಡಕ್ಕೆ, ಸುತ್ತಿಗೊಂದು ಸಲ. ನಾಲ್ಕನೆಯ ಕಾರಣದ ಗತಿಯೇ ಬೇರೆ, ಅದಕ್ಕೆ ಗಂಟೆಗಳು, ದಿನಗಳು ಬೇಕು. ಕೆಂಪು ರಕ್ತಕಣ ಗ್ಲೂಕೋಸನ್ನು ಒಡೆಯುವ ದಾರಿಯಲ್ಲಿ ಒಂದು ಅಡ್ಡಹಾದಿ ಹಿಡಿದು 2,3-ಬಿಪಿಜಿ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ಹಳೆಯ ಪುಸ್ತಕಗಳ ಡಿಪಿಜಿಯೂ ಇದೇ. ಕೆಂಪು ಕಣದಲ್ಲಿ ಇದು ರಾಶಿಯಾಗಿ ಇದ್ದದ್ದು ಬಹಳ ಹಿಂದೆಯೇ ಗೊತ್ತಿತ್ತು, ಯಾಕಿದೆ ಎಂಬುದು ಗೊತ್ತಿರಲಿಲ್ಲ. 1967ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರೈನ್‌ಹೋಲ್ಡ್ ಮತ್ತು ರೂತ್ ಬೆನೆಶ್ ದಂಪತಿ, ಅದೇ ವರ್ಷ ಇವರಿಗೆ ಸಂಬಂಧವಿಲ್ಲದೆ ಚನೂಟಿನ್ ಮತ್ತು ಕರ್ನಿಶ್, ಇದು ಹಿಮೋಗ್ಲೋಬಿನ್ನಿಗೆ ಅಂಟಿ ಆಕ್ಸಿಜನ್ನನ್ನು ಬಿಡಿಸುತ್ತದೆ ಎಂದು ತೋರಿಸಿದರು. ಬಿಗಿ ರೂಪದಲ್ಲಿ ಎರಡು ಬೀಟಾ ಸರಪಳಿಗಳ ನಡುವೆ ಒಂದು ಪೊಳ್ಳು ಜಾಗ ತೆರೆದಿರುತ್ತದೆ. ಋಣ ವಿದ್ಯುದಂಶದ ಬಿಪಿಜಿ ಅಲ್ಲಿ ಹೋಗಿ ಕೂತು ಆ ರೂಪವನ್ನೇ ಕಾಯಂ ಮಾಡುತ್ತದೆ. ಸಡಿಲ ರೂಪದಲ್ಲಿ ಆ ಜಾಗ ಕಿರಿದಾಗಿ ಬಿಪಿಜಿಗೆ ನೆಲೆಯಿರುವುದಿಲ್ಲ.

ಇದರಿಂದ ಬ್ಲಡ್ ಬ್ಯಾಂಕಿನ ಒಂದು ಸಂಗತಿ ಅರ್ಥವಾಗುತ್ತದೆ. ಫ್ರಿಜ್‌ನಲ್ಲಿಟ್ಟ ರಕ್ತದ ಬಿಪಿಜಿ ದಿನೇ ದಿನೇ ಇಳಿದು ಎರಡು ವಾರಗಳ ಹೊತ್ತಿಗೆ ಬಹುಪಾಲು ಖಾಲಿಯಾಗುತ್ತದೆ. ಆ ರಕ್ತ ಶ್ವಾಸಕೋಶದಲ್ಲಿ ಆಕ್ಸಿಜನ್ನನ್ನು ಚೆನ್ನಾಗಿಯೇ ತುಂಬಿಕೊಳ್ಳುತ್ತದೆ, ಇಳಿಸುವಾಗ ಮಾತ್ರ ಜಿಪುಣ. ರೋಗಿಯ ಮೈಸೇರಿದ ಮೇಲೆ ಕಣಗಳು ಬಿಪಿಜಿಯನ್ನು ಮತ್ತೆ ತಯಾರಿಸಿಕೊಳ್ಳುತ್ತವೆ, ಅದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. ಒಂದೆರಡು ಬಾಟಲಿ ಕೊಟ್ಟರೆ ಇದರಿಂದ ಹೇಳಿಕೊಳ್ಳುವಂಥ ತೊಂದರೆ ಕಾಣುವುದಿಲ್ಲ. ಮೈಯ ರಕ್ತವೆಲ್ಲ ಹರಿದುಹೋಗಿ ಭಾರಿ ಪ್ರಮಾಣದಲ್ಲಿ ಏರಿಸಬೇಕಾದಾಗ ವೈದ್ಯರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಕಾರಣಗಳು ಒಂದನ್ನೊಂದು ಕಾಲೆಳೆಯುವುದೂ ಉಂಟು. ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋಗಿ ರಕ್ತ ಆಮ್ಲೀಯವಾದಾಗ ಮೊದಲು ರೇಖೆ ಬಲಕ್ಕೆ ಹೋಗುತ್ತದೆ. ಆದರೆ ಆಮ್ಲೀಯತೆ ಗ್ಲೂಕೋಸ್ ಒಡೆಯುವ ಕ್ರಿಯೆಯನ್ನೂ ಕುಗ್ಗಿಸುವುದರಿಂದ ಒಂದೆರಡು ದಿನಗಳಲ್ಲಿ ಬಿಪಿಜಿ ಇಳಿದು ರೇಖೆ ಹೆಚ್ಚು ಕಡಿಮೆ ಮೊದಲಿನ ಜಾಗಕ್ಕೆ ಮರಳುತ್ತದೆ. ಈ ಹಂತದಲ್ಲಿ ಬೈಕಾರ್ಬನೇಟ್ ಕೊಟ್ಟು ಪಿಎಚ್ ಅನ್ನು ಧಡಕ್ಕನೆ ಏರಿಸಿದರೆ ಆಮ್ಲದ ತಳ್ಳುವಿಕೆ ಹೋಯಿತು, ಬಿಪಿಜಿ ಇನ್ನೂ ಬಂದಿಲ್ಲ. ರೇಖೆ ಸೀದಾ ಎಡಕ್ಕೆ ಜಾರುತ್ತದೆ. ಬೈಕಾರ್ಬನೇಟ್ ಕೊಡಲು ವೈದ್ಯರು ಹಿಂದೆಮುಂದೆ ನೋಡುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಈಗ ಬೆಟ್ಟದ ಮಾತು. ಎತ್ತರಕ್ಕೆ ಹೋದವರ ಕೆಂಪು ಕಣಗಳಲ್ಲಿ ಬಿಪಿಜಿ ಹೆಚ್ಚುತ್ತದೆ ಎಂಬುದು ನಿಜ. ಆದರೆ ಅವರು ಜೋರಾಗಿ ಉಸಿರಾಡುತ್ತಾರೆ, ಕಾರ್ಬನ್ ಡೈಆಕ್ಸೈಡ್ ತೊಳೆದುಹೋಗಿ ರಕ್ತ ಕ್ಷಾರೀಯವಾಗುತ್ತದೆ ಎಂಬುದೂ ಅಷ್ಟೇ ನಿಜ. ಒಂದು ಬಲಕ್ಕೆ ಎಳೆಯುತ್ತದೆ, ಇನ್ನೊಂದು ಎಡಕ್ಕೆ. ಮೂರು ನಾಲ್ಕು ಸಾವಿರ ಮೀಟರುಗಳವರೆಗೆ ಇವೆರಡೂ ಹೆಚ್ಚುಕಡಿಮೆ ಸರಿತೂಗಿ ರೇಖೆ ಇದ್ದಲ್ಲೇ ಇರುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದರೆ?

2007ರ ಮೇ ತಿಂಗಳಲ್ಲಿ ಕಾಡ್‌ವೆಲ್ ಎಕ್ಸ್‌ಟ್ರೀಮ್ ಎವರೆಸ್ಟ್ ಎಂಬ ಬ್ರಿಟಿಷ್ ವೈದ್ಯರ ತಂಡ ಇದಕ್ಕೆ ಉತ್ತರ ತಂದಿತು. ಶಿಖರ ಮುಟ್ಟಿ ಇಳಿಯುವ ದಾರಿಯಲ್ಲಿ, 8,400 ಮೀಟರ್ ಎತ್ತರದ ‘ಬಾಲ್ಕನಿ’ ಎಂಬ ಜಾಗದಲ್ಲಿ ನಾಲ್ವರು ಆರೋಹಿಗಳು ಸಿಲಿಂಡರ್ ಬಿಟ್ಟು ಬರೀ ಗಾಳಿ ಉಸಿರಾಡಿದರು. ಆ ಚಳಿಯಲ್ಲಿ ಬಟ್ಟೆ ಸಡಿಲಿಸಿಕೊಂಡು ತೊಡೆಸಂದಿಯ ಅಪಧಮನಿಯಿಂದ ರಕ್ತ ತೆಗೆಸಿಕೊಂಡರು. ಸಿರಿಂಜುಗಳನ್ನು ತಣ್ಣಗಿಟ್ಟು 6,400 ಮೀಟರಿನ ಕ್ಯಾಂಪಿಗೆ ಒಯ್ದು ಅಲ್ಲಿದ್ದ ಯಂತ್ರದಲ್ಲಿ ಅಳೆಯಲಾಯಿತು. ಆಕ್ಸಿಜನ್ ಒತ್ತಡದ ಸರಾಸರಿ 24.6. ಸಮತಟ್ಟಿನ ಆಸ್ಪತ್ರೆಯಲ್ಲಿ ಈ ಅಂಕಿಯ ವರದಿ ಬಂದರೆ ರೋಗಿ ಎಚ್ಚರವಿರಲಾರ ಎಂದೇ ಎಣಿಸುತ್ತಾರೆ. ಇವರೋ ನಡೆದುಕೊಂಡು ಬರುತ್ತಿದ್ದರು. ಪಿಎಚ್ 7.53, ಕಾರ್ಬನ್ ಡೈಆಕ್ಸೈಡ್ 13.3, ಅಂದರೆ ಮಾಮೂಲಿನ ಮೂರನೆಯ ಒಂದು ಭಾಗ.

ಈ 24.6ನ್ನು ಹಿಲ್ ಸಮೀಕರಣಕ್ಕೆ ಹಾಕಿ. ರೇಖೆ ಜರುಗದೆ ಪಿ-50 27ರಲ್ಲೇ ಇದ್ದಿದ್ದರೆ ಸ್ಯಾಚುರೇಷನ್ ಶೇ 44 ಆಗುತ್ತಿತ್ತು. ಪುಸ್ತಕದ ವಾಡಿಕೆಯ ಉತ್ತರದಂತೆ ಬಲಕ್ಕೆ ಹೋಗಿ 30 ಆಗಿದ್ದರೆ ಶೇ 37. ಆದರೆ ಪಿಎಚ್ 0.13ರಷ್ಟು ಏರಿರುವುದರಿಂದ ಪಿ-50 ಸುಮಾರು 23ಕ್ಕೆ ಇಳಿಯುತ್ತದೆ, ಆಗ ಸ್ಯಾಚುರೇಷನ್ ಶೇ 53ರಿಂದ 54. ತಂಡದವರು ಪಿಎಚ್ ಸೇರಿಸಿ ಲೆಕ್ಕ ಹಾಕಿ ಪ್ರಕಟಿಸಿದ ಅಂಕಿಯೂ ಶೇ 54. ಬಿಪಿಜಿಯ ಏರಿಕೆಯನ್ನು ಇಲ್ಲಿ ಸೇರಿಸಿಲ್ಲ. ಸೇರಿಸಿದರೆ ರೇಖೆ ಸ್ವಲ್ಪ ಹಿಂದೆ ಸರಿಯುತ್ತದೆ, ಆದರೂ ಆ ಎತ್ತರದಲ್ಲಿ ಗೆಲ್ಲುವುದು ಕ್ಷಾರೀಯತೆಯೇ.

ಎಡಕ್ಕೆ ಜರುಗಿದರೆ ಅಂಗಾಂಶಗಳಿಗೆ ಆಕ್ಸಿಜನ್ ಸಿಗುವುದು ಕಷ್ಟ ಎಂದು ಓದಿದವರಿಗೆ ಇದು ಒಗಟಿನಂತೆ ಕಾಣಬಹುದು. ಉತ್ತರ ರೇಖೆಯ ಆಕಾರದಲ್ಲೇ ಇದೆ. ಹಿಮೋಗ್ಲೋಬಿನ್ನಿಗೆ ಎರಡು ಕಡೆ ಕೆಲಸ, ಶ್ವಾಸಕೋಶದಲ್ಲಿ ತುಂಬುವುದು, ಅಂಗಾಂಶದಲ್ಲಿ ಇಳಿಸುವುದು. ರೇಖೆ ಬಲಕ್ಕೆ ಹೋದರೆ ಎರಡೂ ಕಡೆ ಹಿಡಿತ ಸಡಿಲವಾಗುತ್ತದೆ. ಸಮುದ್ರಮಟ್ಟದಲ್ಲಿ ತುಂಬುವ ಜಾಗ ರೇಖೆಯ ಸಮತಟ್ಟು ತುದಿಯಲ್ಲಿದೆ. ಪಿ-50 27ರಿಂದ 30ಕ್ಕೆ ಏರಿದರೆ ಅಲ್ಲಿ ನಷ್ಟ ಬರೀ ಶೇ 1, ಇಳಿಸುವ ಕಡೆ, ಅಂದರೆ ಒತ್ತಡ 40 ಇರುವಲ್ಲಿ, ಲಾಭ ಶೇ 6. ಒಳ್ಳೆಯ ವ್ಯಾಪಾರ. ಬಾಲ್ಕನಿಯಲ್ಲಿ ತುಂಬುವ ಜಾಗವೇ ಜಾರಿ ಕಡಿದಾದ ಇಳಿಜಾರಿನ ಮೇಲೆ ಬಂದು ನಿಂತಿದೆ. ಅಲ್ಲಿ ಅದೇ ಜರುಗುವಿಕೆಯಿಂದ ತುಂಬುವಾಗ ಶೇ 7 ಹೋಗುತ್ತದೆ, ಅಂಗಾಂಶದ ಒತ್ತಡ 15 ಎಂದಿಟ್ಟುಕೊಂಡರೆ ಇಳಿಸುವಾಗ ಸಿಗುವುದು ಶೇ 4ಕ್ಕಿಂತ ಕಡಿಮೆ. ಹೀಗಾಗಿ ಬಲಕ್ಕೆ ಜರುಗುವುದು ಒಳ್ಳೆಯದೇ ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ. ಆ ರಕ್ತ ಶ್ವಾಸಕೋಶದಲ್ಲಿ ರೇಖೆಯ ಯಾವ ಭಾಗದಲ್ಲಿ ನಿಂತಿದೆ ಎಂದು ಮರುಪ್ರಶ್ನೆ ಹಾಕಬೇಕು. ವೈವಾದಲ್ಲಿ ಪರೀಕ್ಷಕರು ನಿರೀಕ್ಷಿಸುವುದೂ ಈ ಮಾತನ್ನೇ.

ಇದಕ್ಕೆ ಪ್ರಯೋಗದ ಆಧಾರವೂ ಇದೆ. 1978ರಲ್ಲಿ ಅಮೆರಿಕದಲ್ಲಿ ಹೆಬ್ಬೆಲ್ ಮತ್ತು ಸಂಗಡಿಗರು ಒಂದೇ ಮನೆಯ ಒಡಹುಟ್ಟಿದವರನ್ನು 3,100 ಮೀಟರ್ ಎತ್ತರಕ್ಕೆ ಕರೆದೊಯ್ದು ಪರೀಕ್ಷಿಸಿದರು. ಅವರಲ್ಲಿ ಇಬ್ಬರಿಗೆ ಹುಟ್ಟಿನಿಂದಲೇ ಒಂದು ವಿಚಿತ್ರ ಹಿಮೋಗ್ಲೋಬಿನ್, ಅದರ ರೇಖೆ ಬಹಳ ಎಡಕ್ಕಿತ್ತು. ಸಾಮಾನ್ಯ ಹಿಮೋಗ್ಲೋಬಿನ್ನಿನ ಒಡಹುಟ್ಟಿದವರ ದುಡಿಯುವ ಸಾಮರ್ಥ್ಯ ಎತ್ತರದಲ್ಲಿ ಕುಂದಿತು, ಈ ಇಬ್ಬರದು ಕುಂದಲಿಲ್ಲ. ಆಂಡೀಸ್ ಬೆಟ್ಟಗಳ ಲಾಮಾ ಪ್ರಾಣಿಯ ರೇಖೆಯೂ ಎಡಕ್ಕಿರುವುದರಿಂದ ಸಂಶೋಧಕರು ತಮ್ಮ ಲೇಖನದಲ್ಲಿ ಅವರನ್ನು ‘ಮಾನವ ಲಾಮಾಗಳು’ ಎಂದು ಕರೆದರು.

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು ಇದೇ ಪಾಠದ ಇನ್ನೊಂದು ಉದಾಹರಣೆ. ಹಿಮಾಲಯದಾಚೆಯಿಂದ ಬರುವ ಈ ಹಕ್ಕಿಗಳಿಗೆ ಉಪಗ್ರಹ ಯಂತ್ರ ಕಟ್ಟಿ ನೋಡಿದಾಗ ಕೆಲವು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ತಗ್ಗಿನಲ್ಲಿ ಬದುಕುವ ಹತ್ತಿರದ ಸಂಬಂಧಿ ಬೂದು ಹೆಬ್ಬಾತಿಗೆ ಹೋಲಿಸಿದರೆ ಇದರ ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯ 119ನೆಯ ಸ್ಥಾನದಲ್ಲಿ ಪ್ರೋಲಿನ್ ಬದಲು ಅಲನಿನ್ ಇದೆ. ಅಷ್ಟರಿಂದಲೇ ಸರಪಳಿಗಳ ನಡುವಿನ ಒಂದು ಕಟ್ಟು ಸಡಿಲವಾಗಿ ರೇಖೆ ಎಡಕ್ಕೆ ಸರಿದಿದೆ. ಹಕ್ಕಿಯ ಸಾಮರ್ಥ್ಯಕ್ಕೆ ಇದೊಂದೇ ಕಾರಣವಲ್ಲ, ಅದರ ಉಸಿರಾಟದ ಏರ್ಪಾಡು, ಸ್ನಾಯುಗಳಲ್ಲಿ ರಕ್ತನಾಳಗಳ ದಟ್ಟಣೆ ಎಲ್ಲವೂ ಜೊತೆಗೂಡಿವೆ.

ಎವರೆಸ್ಟಿಗೂ ಹೋಗಬೇಕಿಲ್ಲ, ಹೊಟ್ಟೆಯೊಳಗಿನ ಕೂಸಿನದೂ ಇದೇ ಪಾಡು. ಮಾಸುಚೀಲದಿಂದ ಅದರ ಕಡೆಗೆ ಹೊರಟ ರಕ್ತದ ಆಕ್ಸಿಜನ್ ಒತ್ತಡವೇ 30ರ ಆಸುಪಾಸು. ಭ್ರೂಣದ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಬದಲು ಗಾಮಾ ಸರಪಳಿಗಳು, ಅವುಗಳ 143ನೆಯ ಸ್ಥಾನದಲ್ಲಿ ಹಿಸ್ಟಿಡಿನ್ ಬದಲು ಸೆರಿನ್. ಬಿಪಿಜಿಗೆ ಅಂಟಿಕೊಳ್ಳಲು ಹಿಡಿ ಕಡಿಮೆಯಾಯಿತು. ಪಿ-50 ಸುಮಾರು 20. ಒತ್ತಡ 30ರಲ್ಲಿ ತಾಯಿಯ ಹಿಮೋಗ್ಲೋಬಿನ್ ಶೇ 57 ಮಾತ್ರ ತುಂಬಿದರೆ ಕೂಸಿನದು ಶೇ 75 ತುಂಬುತ್ತದೆ. ಭ್ರೂಣದ ರೇಖೆ ಎಡಕ್ಕೇಕೆ ಎಂಬ ಎರಡು ಅಂಕದ ಪ್ರಶ್ನೆಗೆ ‘ಬಿಪಿಜಿ ಕಡಿಮೆ ಇದೆ’ ಎಂದು ಬರೆಯುವವರಿದ್ದಾರೆ. ಬಿಪಿಜಿ ಇದೆ, ಅದು ಅಂಟುವುದು ಕಡಿಮೆ.

ಎಡಕ್ಕೆ ಜರುಗುವುದು ಹೀಗೆ ಕೆಲವೆಡೆ ಜೀವ ಉಳಿಸಿದರೆ, ಕಾರ್ಬನ್ ಮಾನಾಕ್ಸೈಡಿನ ವಿಷದಲ್ಲಿ ಅದೇ ಜೀವ ತೆಗೆಯುತ್ತದೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕೆ ಹೋದವರು ಕುಸಿದು ಬೀಳುವ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಇರುವುದು ಈ ಅನಿಲ. ಅದು ಹಿಮೋಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟುತ್ತದೆ. ರಕ್ತಹೀನತೆಯಿಂದ ಅರ್ಧ ಹಿಮೋಗ್ಲೋಬಿನ್ ಕಳೆದುಕೊಂಡವಳು ನಿಧಾನವಾಗಿಯಾದರೂ ಮನೆಗೆಲಸ ಮಾಡಿಕೊಂಡಿರುತ್ತಾಳೆ. ಅರ್ಧ ಹಿಮೋಗ್ಲೋಬಿನ್ ಕಾರ್ಬನ್ ಮಾನಾಕ್ಸೈಡಿಗೆ ಸಿಕ್ಕವಳು ಪ್ರಜ್ಞೆ ತಪ್ಪುತ್ತಾಳೆ. ಇಬ್ಬರ ರಕ್ತದಲ್ಲೂ ಆಕ್ಸಿಜನ್ ಪ್ರಮಾಣ ಒಂದೇ. ವ್ಯತ್ಯಾಸವಿರುವುದು ಉಳಿದರ್ಧದಲ್ಲಿ. ಕಾರ್ಬನ್ ಮಾನಾಕ್ಸೈಡ್ ಒಂದೆರಡು ಹೀಮ್‌ಗಳಲ್ಲಿ ಕೂತರೆ ಇಡೀ ಅಣು ಸಡಿಲ ರೂಪಕ್ಕೆ ತಿರುಗಿ ಉಳಿದ ಹೀಮ್‌ಗಳು ತಮ್ಮ ಆಕ್ಸಿಜನ್ನನ್ನು ಬಿಡಲೊಲ್ಲವು. ರಕ್ತಹೀನತೆಯಲ್ಲಿ ಬಿಪಿಜಿ ಹೆಚ್ಚಿ ರೇಖೆ ತುಸು ಬಲಕ್ಕೆ ಹೋಗಿ ನೆರವಾಗುತ್ತದೆ, ಇಲ್ಲಿ ತದ್ವಿರುದ್ಧ. ಮೇಲಾಗಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೆ ಕಾರ್ಬನ್ ಮಾನಾಕ್ಸೈಡ್ ತುಂಬಿದ ಹಿಮೋಗ್ಲೋಬಿನ್ನೂ ಆಕ್ಸಿಜನ್ ತುಂಬಿದ್ದರಂತೆಯೇ ಕಾಣುವುದರಿಂದ ಅದು ಶೇ 98 ಎಂದು ತೋರಿಸುತ್ತಿರಬಹುದು. ಕೋ-ಆಕ್ಸಿಮೀಟರ್ ಎಂಬ ಬೇರೆ ಯಂತ್ರದಲ್ಲಿ ರಕ್ತ ಹಾಕಿದರೆ ಮಾತ್ರ ನಿಜ ಗೊತ್ತಾಗುವುದು. ಬರೀ ಗಾಳಿಯಲ್ಲಿಟ್ಟರೆ ರಕ್ತದ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು ಒಂದೂವರೆ ಗಂಟೆ.

ಈ ಹೋಲಿಕೆಯನ್ನು ಚಿತ್ರದಲ್ಲಿ ತೋರಿಸುವಾಗ ಲಂಬ ಅಕ್ಷದಲ್ಲಿ ಸ್ಯಾಚುರೇಷನ್ ಬರೆದರೆ ಕೆಲಸ ಕೆಡುತ್ತದೆ. ರಕ್ತಹೀನತೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೂ ಇರುವಷ್ಟು ಪೂರ್ತಿ ತುಂಬುತ್ತದೆ, ಆದ್ದರಿಂದ ಶೇಕಡಾವಾರಿನಲ್ಲಿ ಅದರ ರೇಖೆ ಆರೋಗ್ಯವಂತರ ರೇಖೆಯ ಮೇಲೆಯೇ ಬಂದು ಕೂರುತ್ತದೆ, ರೋಗವೇ ಕಾಣುವುದಿಲ್ಲ. ಲಂಬ ಅಕ್ಷದಲ್ಲಿ ನೂರು ಮಿಲಿಲೀಟರ್ ರಕ್ತದಲ್ಲಿರುವ ಆಕ್ಸಿಜನ್ನಿನ ಮಿಲಿಲೀಟರುಗಳನ್ನು ಗುರುತಿಸಬೇಕು. ಆಗ ಆರೋಗ್ಯವಂತರ ರೇಖೆ 20ಕ್ಕೆ ಹೋಗಿ ಸಮತಟ್ಟಾಗುತ್ತದೆ, ಉಳಿದೆರಡೂ 10ಕ್ಕೆ. ರಕ್ತಹೀನತೆಯದು ಅದೇ ಆಕಾರದಲ್ಲಿ ನಿಧಾನವಾಗಿ ಬಾಗಿ ಏರುತ್ತದೆ, ಕಾರ್ಬನ್ ಮಾನಾಕ್ಸೈಡಿನದು ಬುಡದಿಂದಲೇ ಎಡಕ್ಕೆ ಒತ್ತಿಕೊಂಡು, ಬಾಗು ಕಳೆದುಕೊಂಡು ಎದ್ದುನಿಲ್ಲುತ್ತದೆ. 10ರಿಂದ ಐದು ಮಿಲಿಲೀಟರ್ ಕೆಳಗಿಳಿದು, ಅಲ್ಲಿಂದ ಅಡ್ಡಗೆರೆ ಎಳೆದು ಎರಡೂ ರೇಖೆಗಳನ್ನು ಕತ್ತರಿಸಿದರೆ, ರಕ್ತಹೀನತೆಯವಳ ಅಂಗಾಂಶದಲ್ಲಿ ಒತ್ತಡ 27ರ ಬಳಿ ಉಳಿದಿರುವುದೂ ಇನ್ನೊಬ್ಬಳಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕುಸಿದಿರುವುದೂ ಅಡ್ಡ ಅಕ್ಷದ ಮೇಲೆ ಓದಲು ಸಿಗುತ್ತವೆ.